ಅಯ್ಯೋ, ಬಂದ್ರಾ!

ಮಲೆನಾಡಿನ ತೋಟದ ಮನೆಯೊಂದರ ಕತೆಯನ್ನು ಇಂಗ್ಲಿಷಿಗೆ ಮಾಡಿಕೊಡುತ್ತೇನೆಂದು ಒಪ್ಪಿಕೊಂಡಾಗ ನನಗಿದ್ದ ಹೆದರಿಕೆಯೆಲ್ಲ ಕೊಳೆರೋಗ, ಹಾಳೆ, ಸೋಗೆ, ಉಂಬಳ, ಬೋರ್ಡೋ ದ್ರಾವಣ ಇಂಥವುಗಳದ್ದು. ಅವು ಯಾವುವೂ ಕಾಡಲಿಲ್ಲ. ಬೋರ್ಡೋ ದ್ರಾವಣವಂತೂ ಫ್ರಾನ್ಸಿನಿಂದಲೇ ಬಂದದ್ದು, ಹೆಸರು ಸಮೇತ ವಾಪಸು ಕಳಿಸಿದರಾಯಿತು. ನನ್ನನ್ನು ಕೆಡವಿದ್ದು ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಅಂಗಳಕ್ಕೆ ಬಂದು ನಿಲ್ಲುವ ಒಬ್ಬ ನೆಂಟ.

“ಅಯ್ಯೋ, ಬಂದ್ರಾ! ಬನ್ನಿ ಬನ್ನಿ, ಊಟ ಮಾಡೋಣ.”

“ಅಯ್ಯೋ, ಊಟ ಎಲ್ಲ ಬೇಡ ಅತ್ತಿಗೆ, ಈಗಷ್ಟೇ ಆಯ್ತು.”

“ಓಹೋ, ನಮ್ಮನೆ ಊಟ ಸೇರಲ್ಲ ಅನ್ನಿ.”

“ಅಯ್ಯಯ್ಯೋ, ಹಾಗಲ್ಲ!”

“ಅರೆ, ಎಲೆ ಹಾಕಿ ಆಯ್ತಲ್ಲ.”

“ಅಯ್ಯೋ, ಒಳ್ಳೆ ಕತೆ ನಿಮ್ದು.”

ಇಷ್ಟೇ. ಓದುವವರು ಕಣ್ಣು ಮಿಟುಕಿಸದೆ ದಾಟಿಹೋಗುವ ಆರು ಸಾಲು. ನಮ್ಮ ಶಾಲೆಯ ವ್ಯಾಕರಣ ಪುಸ್ತಕದಲ್ಲಿ ಇವಕ್ಕೆಲ್ಲ ಭಾವಸೂಚಕಾವ್ಯಯ ಎಂಬ ಗಂಭೀರ ಹೆಸರಿತ್ತು. ದುಃಖಕ್ಕೆ ಅಯ್ಯೋ, ಸಂತೋಷಕ್ಕೆ ಆಹಾ, ಮೆಚ್ಚುಗೆಗೆ ಭಲೇ, ಅಸಹ್ಯಕ್ಕೆ ಛೀ ಎಂದು ಬಾಯಿಪಾಠ ಮಾಡಿಸಿದ್ದರು. ಮೇಲಿನ ನಾಲ್ಕು ಅಯ್ಯೋಗಳಲ್ಲಿ ಹುಡುಕಿ ನೋಡಿ, ಒಂದರಲ್ಲಾದರೂ ದುಃಖವಿದ್ದರೆ ಹೇಳಿ. ಆದರೂ ನಿಘಂಟು ತೆರೆದರೆ ಅಲ್ಲಿ ಅಯ್ಯೋ ಪಕ್ಕದಲ್ಲಿ ಮೊದಲು ಕುಳಿತಿರುವುದು ‘ಅಲಾಸ್’. ಅದನ್ನು ನಂಬಿ ಬರೆದರೆ ಅತ್ತಿಗೆ ಹೊಸ್ತಿಲಲ್ಲಿ ನಿಂತು ನೆಂಟನಿಗೆ “ಅಲಾಸ್, ಯು ಹ್ಯಾವ್ ಕಮ್!” ಎನ್ನುತ್ತಾಳೆ. ಹಾಗೆ ಅಂದಮೇಲೆ ಅವನು ಊಟಕ್ಕೆ ಯಾಕೆ ಕೂರುತ್ತಾನೆ? ಕತೆ ಅಲ್ಲಿಗೇ ಮುಗಿಯುತ್ತದೆ.

ಅಲಾಸ್ ಬೇಡ ಎಂದಲ್ಲ, ಅದಕ್ಕೂ ಜಾಗವಿದೆ. ಅದರ ಹುಟ್ಟಿನಲ್ಲಿ ದಣಿವು ಎಂಬ ಅರ್ಥದ ಲ್ಯಾಟಿನ್ ಮೂಲ ಇದೆ, ಫ್ರೆಂಚರ ಕೈಯಿಂದ ಇಂಗ್ಲಿಷಿಗೆ ಬಂತು. ಈಗ ಮನೆಯಲ್ಲಿ ಯಾರೂ ಆಡುವುದಿಲ್ಲ. ಗದುಗಿನ ಭಾರತದ ಪಾತ್ರವೊಂದು, ಇಲ್ಲವೇ ಯಕ್ಷಗಾನದ ಅರ್ಥಧಾರಿ ‘ಅಕಟಕಟಾ’ ಎಂದರೆ ಅಲಾಸ್ ಸರಿಯಾದ ಜೋಡಿ, ಎರಡೂ ಕಿರೀಟ ಇಟ್ಟುಕೊಂಡೇ ಓಡಾಡುವಂಥವು. ಅಡುಗೆಮನೆಗೆ ಆಗುವುದಿಲ್ಲ. ‘ಗುಡ್‌ನೆಸ್’ ಎಂದರೆ ನಮ್ಮ ಅತ್ತಿಗೆ ಟೋಪಿ ತೊಟ್ಟ ಇಂಗ್ಲಿಷ್ ಮುದುಕಿಯಾಗುತ್ತಾಳೆ. ‘ಗಾಶ್’ ಎಂದರೆ ನೆಂಟ ಹಳೆಯ ಕಾಮಿಕ್ಸಿನ ಸ್ಕೂಲ್ ಹುಡುಗನಾಗುತ್ತಾನೆ. ಇನ್ನೊಂದು ತಮಾಷೆಯೆಂದರೆ, ಗಾಶ್, ಗಾಲಿ, ಜೀ ಇವೆಲ್ಲ ವೇಷ ಮರೆಸಿಕೊಂಡ ದೇವರುಗಳು. ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದೆಂಬ ಕಟ್ಟಳೆಗೆ ಹೆದರಿ ಗಾಡ್ ಅನ್ನುವುದನ್ನು ಗಾಶ್ ಎಂದೂ ಜೀಸಸ್ ಅನ್ನುವುದನ್ನು ಜೀ ಎಂದೂ ತಿರುಚಿಕೊಂಡರು. ನಮಗೆ ಆ ಹೆದರಿಕೆಯೇ ಇಲ್ಲ. ಕಾಲಿಗೆ ಕಲ್ಲು ತಾಗಿದರೆ ಅಮ್ಮ, ಬಿಲ್ಲು ನೋಡಿದರೆ ಅಪ್ಪಾ, ಬಿಸಿಲು ಹೆಚ್ಚಾದರೆ ಶಿವ ಶಿವಾ. ತಂದೆ ತಾಯಿ ದೇವರು ಮೂವರನ್ನೂ ದಿನವಿಡೀ ಕೂಗಿ ಕೆಲಸ ಹಚ್ಚಿರುತ್ತೇವೆ.

ಸರಿ, ನಿಘಂಟು ಕೈಕೊಟ್ಟಿತು. ಹಾಗಾದರೆ ಜೋರಾಗಿ ಅಂದು ನೋಡೋಣ, ದನಿಯಲ್ಲೇ ಅರ್ಥವಿರಬೇಕು ಎಂದುಕೊಂಡು ಕುರ್ಚಿಯಿಂದ ಎದ್ದು ನಿಂತೆ. ಮೊದಲು ಅತ್ತಿಗೆಯದು. ದನಿ ಕೆಳಗಿನಿಂದ ಹೊರಟು ‘ಯ್ಯೋ’ ಮೇಲೆ ಏರಿ ಅಲ್ಲೇ ನಿಲ್ಲಬೇಕು. ಮೊದಲ ಸಲ ಕಾಗೆಯ ಹಾಗೆ ಬಂತು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಂದರೆ ಸರಿಹೋಗಬಹುದೆಂದು ಟವೆಲ್ ಹೆಗಲಿಗೆ ಹಾಕಿಕೊಂಡೆ. ನಿಜಕ್ಕೂ ಸರಿಹೋಯಿತು. ಆಮೇಲೆ ನೆಂಟನದು, ಬಾಗಿಲ ಬಳಿ ಚಪ್ಪಲಿ ಅರ್ಧ ಬಿಚ್ಚಿ ಹಿಂದೆ ಸರಿಯುತ್ತಾ ಅನ್ನಬೇಕಾದದ್ದು, ದನಿ ಇಳಿಮುಖ, ಕೊನೆಗೆ ನಗು. ಅಯ್ಯಯ್ಯೋ ಮಾತ್ರ ನನಗೇ ಬಹಳ ಹಿಡಿಸಿತು. ಅದರಲ್ಲಿ ನಡುವಿನ ‘ಯ್ಯ’ ಮೇಲೆ ಕುಳಿತು ಎದ್ದ ಹಾಗಾಗುತ್ತದೆ. ಅದನ್ನು ಬೇರೆ ಬೇರೆ ಶ್ರುತಿಯಲ್ಲಿ, ಕಿಟಕಿ ತೆರೆದಿದೆ ಎಂಬುದನ್ನು ಮರೆತು, ಕಣ್ಣುಮುಚ್ಚಿ ಸಾಧನೆ ಮಾಡುತ್ತಿದ್ದಾಗ ಬಾಗಿಲು ದಬದಬ ಎಂದಿತು.

ಪಕ್ಕದ ಮನೆಯವರು. ಕೈಯಲ್ಲಿ ಸೌಟು, ಹಿಂದೆ ಅವರ ಮನೆಯ ಕೆಲಸದವಳು, ಅವಳ ಹಿಂದೆ ಮೇಲಿನ ಮಹಡಿಯ ಹುಡುಗ.

“ಅಯ್ಯೋ, ಏನಾಯ್ತ್ರೀ?”

ಏನೂ ಆಗಿಲ್ಲ, ಅನುವಾದ ಮಾಡುತ್ತಿದ್ದೆ ಎಂದೆ. ಹೆಗಲ ಮೇಲಿನ ಟವೆಲ್ಲನ್ನು ಅವರು ನೋಡಿದರು. ಅರ್ಧ ಬಿಚ್ಚಿದ ಚಪ್ಪಲಿಯನ್ನೂ ನೋಡಿದರು.

“ಅಯ್ಯ, ಇಷ್ಟೇನಾ?”

ಈ ಅಯ್ಯದಲ್ಲಿ ‘ಓ’ ಇಲ್ಲ ಎಂಬುದನ್ನು ಗಮನಿಸಿ ನನಗೆ ರೋಮಾಂಚನವಾಯಿತು. ನೆಮ್ಮದಿಯ ಜತೆಗೆ ಸಣ್ಣ ನಿರಾಶೆಯೂ ಬೆರೆತ ದನಿ. ಸೌಟು ಹಿಡಿದು ಓಡಿಬಂದದ್ದು ದಂಡವಾಯಿತಲ್ಲ. ಕೈಗೆ ಸಿಕ್ಕ ಕರಡಿನ ಹಿಂಬದಿಯಲ್ಲಿ ಬರೆದುಕೊಳ್ಳತೊಡಗಿದೆ.

“ಓಹೋ, ಹೀಗೆ ಕೂಗೋದಕ್ಕೂ ದುಡ್ಡು ಕೊಡ್ತಾರಾ?”

ಅದನ್ನೂ ಬರೆದುಕೊಂಡೆ. ಅವರು ನಾನು ಬರೆಯುವುದನ್ನು ಬಗ್ಗಿ ನೋಡಿ, “ಛೆ, ನಾನಂದಿದ್ದನ್ನೆಲ್ಲ ಯಾಕ್ರೀ ಬರ್ಕೋತೀರಿ” ಎಂದರು. ಛೆಯನ್ನೂ ಬರೆದೆ. ಹುಡುಗ ನಗಲು ಶುರುಮಾಡಿದ. ಇನ್ನೂ ಒಂದೆರಡು ಸಿಕ್ಕಿಯಾವು ಎಂಬ ಆಸೆಯಿಂದ ಕಾಫಿ ಕುಡಿಯುತ್ತೀರಾ ಎಂದು ಕೇಳುವಷ್ಟರಲ್ಲಿ ಅವರು ತಟ್ಟನೆ ತಮ್ಮ ಬಾಗಿಲ ಕಡೆ ತಿರುಗಿ, “ಅಯ್ಯೋ, ಹಾಲು!” ಎಂದು ಓಡಿದರು.

ಸೀದ ಹಾಲಿನ ವಾಸನೆ ಸಂಜೆಯವರೆಗೂ ಇತ್ತು. ಆದರೆ ನನ್ನ ಕೆಲಸ ಆಗಿಹೋಗಿತ್ತು. ಏಕೆಂದರೆ ‘ಅಯ್ಯೋ, ಹಾಲು’ ಇಂಗ್ಲಿಷಿನಲ್ಲಿ ಏನಾಗುತ್ತದೆ? ‘ದ ಮಿಲ್ಕ್!’ ಅಷ್ಟೇ. ಅಲ್ಲಿ ಉದ್ಗಾರವೇ ಇಲ್ಲ. ಹಾಲು ಎಂಬ ನಾಮಪದವೇ ಒಂಟಿಯಾಗಿ ನಿಂತು ಕೂಗುತ್ತದೆ. ನಮ್ಮಲ್ಲಿ ಮಾತಿನ ಮುಂದೆ ನಿಂತು ದಾರಿ ಬಿಡಿಸುವ ಪದವೊಂದಿದ್ದರೆ, ಅವರಲ್ಲಿ ಆ ಕೆಲಸವನ್ನು ವಾಕ್ಯವೇ ಮಾಡಿಕೊಳ್ಳುತ್ತದೆ. ಹಾಗಾಗಿ ಅಯ್ಯೋಗೆ ಸಮಾನವಾದ ಉದ್ಗಾರ ಯಾವುದು ಎಂದು ಹುಡುಕುವುದಕ್ಕಿಂತ, ಈ ಸಾಲಿನಲ್ಲಿ ಅಯ್ಯೋ ಏನು ಕೆಲಸ ಮಾಡುತ್ತಿದೆ, ಅದನ್ನು ಇಂಗ್ಲಿಷ್ ವಾಕ್ಯದ ಯಾವ ಮೂಲೆಗೆ ಒಪ್ಪಿಸಬಹುದು ಎಂದು ನೋಡಬೇಕು.

ಅತ್ತಿಗೆಯ ಮೊದಲ ಅಯ್ಯೋದಲ್ಲಿ ಸಂತೋಷವಿದೆ, ಬೆರಗಿದೆ, ತಲೆ ಬಾಚಿಲ್ಲವಲ್ಲ ಎಂಬ ಗಾಬರಿಯೂ ಇದೆ. ‘ಲುಕ್ ಹೂ ಈಸ್ ಹಿಯರ್!’ ಎಂದರೆ ಇಡೀ ವಾಕ್ಯವೇ ಉದ್ಗಾರ. ಗಾಬರಿ ಸ್ವಲ್ಪ ಸೋರಿಹೋಗುತ್ತದೆ, ಹೋಗಲಿ. ನೆಂಟನ ಅಯ್ಯೋ ನಿರಾಕರಣೆಗೆ ಇಟ್ಟ ದಿಂಬು. ಬರೀ ‘ನೋ’ ಎಂದರೆ ಕಪಾಳಕ್ಕೆ ಹೊಡೆದಂತೆ. ‘ನೋ, ನೋ, ಪ್ಲೀಸ್’ ಎಂದು ಎರಡು ಸಲ ಅಂದರೆ ಅದೇ ಪದ ಮೆತ್ತಗಾಗುತ್ತದೆ. ಎರಡು ಸಲ ಬೇಡ ಅನ್ನುವವನು ಮೂರನೆಯ ಸಲಕ್ಕೆ ಊಟಕ್ಕೆ ಕೂರುತ್ತಾನೆಂದು ಅಲ್ಲಿಯವರಿಗೂ ಗೊತ್ತು.

ಓಹೋ ಇದೆಯಲ್ಲ, ಅದು ಮಹಾ ಮೋಸಗಾರ. ಇಂಗ್ಲಿಷಿನಲ್ಲೂ ಅದೇ ಸದ್ದಿನ ‘ಓಹೋ’ ಉಂಟು, ಆದ್ದರಿಂದ ಅನುವಾದಕ ಹಾಗೇ ಇಟ್ಟು ಮುಂದೆ ಹೋಗುತ್ತಾನೆ. ಆದರೆ ಅವರ ಓಹೋ ಪತ್ತೇದಾರ ಮಂಚದ ಕೆಳಗೆ ಕಳ್ಳನನ್ನು ಕಂಡಾಗಿನದು, ಗೆಲುವಿನದು. ನಮ್ಮದರಲ್ಲಿ ಒಪ್ಪಿಗೆ, ನೆನಪಾದದ್ದು, ವ್ಯಂಗ್ಯ ಎಲ್ಲ ಇರುತ್ತವೆ. ‘ನಾಳೆ ಬರ್ತೀರಾ?’ ಎಂದರೆ ‘ಓಹೋ, ಧಾರಾಳವಾಗಿ’ ಎನ್ನುವವನು ಯಾರನ್ನೂ ಹಿಡಿದಿಲ್ಲ. ಅತ್ತಿಗೆಯದು ಹುಸಿಮುನಿಸು. ಅದಕ್ಕೆ ‘ಐ ಸೀ’ ಎಂಬ ತಣ್ಣನೆಯ ತುಂಡು, ಆಮೇಲೆ ಒಂದು ಪೂರ್ಣವಿರಾಮ, ಆಮೇಲೆ ‘ಅವರ್ ಫುಡ್ ಈಸಂಟ್ ಗುಡ್ ಎನಫ್ ಫಾರ್ ಯು’. ಇಲ್ಲಿ ವ್ಯಂಗ್ಯವಿರುವುದು ಆ ಪೂರ್ಣವಿರಾಮದಲ್ಲಿ.

ಅಯ್ಯಯ್ಯೋದ ಇಮ್ಮಡಿ ‘ನಾಟ್ ಅಟ್ ಆಲ್’ನ ‘ಅಟ್ ಆಲ್’ಗೆ ಹೋಯಿತು. ಅರೆಗೆ ‘ಹೇ’ ಎಂದರೆ ಅತ್ತಿಗೆ ಆಟೋ ಕರೆದಂತಾಗುತ್ತದೆ. ಕನ್ನಡದ ಅರೆ ಹೆಚ್ಚಾಗಿ ತನಗೆ ತಾನೇ ಅಂದುಕೊಳ್ಳುವ ಬೆರಗು, ಹಿಂದಿಯ ಅರೇ ಎದುರಿನವನನ್ನು ಕರೆಯುತ್ತದೆ, ತಡೆಯುತ್ತದೆ, ಸಮಾಧಾನವನ್ನೂ ಮಾಡುತ್ತದೆ. ಇಲ್ಲಿ ಅದಕ್ಕೆ ‘ಬಟ್’ ಸಾಕು: ಬಟ್ ದ ಲೀಫ್ ಈಸ್ ಆಲ್ರೆಡಿ ಲೇಡ್. ‘ಆಯ್ತಲ್ಲ’ದ ‘ಅಲ್ಲ’ ಆ ‘ಆಲ್ರೆಡಿ’ಯೊಳಗೆ ಹೊಕ್ಕಿತು. ಕೊನೆಯದು ಶರಣಾಗತಿ: ‘ಯು ಆರ್ ಇಂಪಾಸಿಬಲ್’. ಒಂದು ಉದ್ಗಾರವೂ ಉಳಿಯಲಿಲ್ಲ. ಸರಿಯಾಯಿತೋ ಇಲ್ಲವೋ ನೋಡಲು ಕನ್ನಡ ಬಾರದ ಸ್ನೇಹಿತೆಗೆ ಮೊದಲ ಮೂರು ಸಾಲು ಮಾತ್ರ ಓದಿ, ಊಟ ಆಗುತ್ತದೋ ಇಲ್ಲವೋ ಎಂದು ಕೇಳಿದೆ. “ಆಗೇ ಆಗುತ್ತೆ, ಎರಡು ಸಲ ಬಡಿಸ್ತಾಳೆ” ಎಂದಳು.

ಇಷ್ಟೆಲ್ಲ ಒದ್ದಾಟ ಯಾಕೆ, ಅಯ್ಯೋ ಎಂದೇ ಇಡಬಹುದಲ್ಲ ಎನ್ನುವವರಿದ್ದಾರೆ. ಇಡಬಹುದು. ಆಕ್ಸ್‌ಫರ್ಡ್ ನಿಘಂಟು 2016ರಲ್ಲಿ ಅದನ್ನು ಒಳಗೆ ಕರೆದುಕೊಂಡಿದೆ. ಬಾನು ಮುಷ್ತಾಕ್ ಅವರ ಕತೆಗಳನ್ನು ‘ಹಾರ್ಟ್ ಲ್ಯಾಂಪ್’ ಮಾಡಿದ ದೀಪಾ ಭಾಸ್ತಿ ಅವರು ಎಷ್ಟೋ ಮಾತುಗಳನ್ನು ಇಟಾಲಿಕ್ಸ್ ಇಲ್ಲದೆ, ಅಡಿಟಿಪ್ಪಣಿಯಿಲ್ಲದೆ ಹಾಗೇ ಬಿಟ್ಟರು, 2025ರಲ್ಲಿ ಅದಕ್ಕೆ ಇಂಟರ್‌ನ್ಯಾಷನಲ್ ಬುಕರ್ ಬಂತು. ಸಿನಿಮಾದ ಸಬ್‌ಟೈಟಲ್‌ಗೆ ಈ ಚಿಂತೆಯೇ ಇಲ್ಲ, ದನಿ ಹೇಗೂ ಕೇಳಿಸುತ್ತದೆ, ಒಂದು ಸಾಲಿಗೆ ಸುಮಾರು 42 ಅಕ್ಷರ ಮಾತ್ರ ಹಿಡಿಯುವ ಕಡೆ ಅಯ್ಯೋವನ್ನು ಮೊದಲು ಕಿತ್ತುಹಾಕುತ್ತಾರೆ. ಅಚ್ಚಿನ ಪುಟಕ್ಕೆ ದನಿಯಿಲ್ಲ. ನಾಲ್ಕು ಅಯ್ಯೋ ಸಾಲಾಗಿ ನಿಂತರೆ ಕನ್ನಡ ಅರಿಯದವನಿಗೆ ನಾಲ್ಕೂ ಒಂದೇ ಸದ್ದು, ಮನೆಯಲ್ಲಿ ಎಲ್ಲರಿಗೂ ಹೊಟ್ಟೆನೋವು ಎಂದುಕೊಳ್ಳುತ್ತಾನೆ.

ನಾನು ಒಂದನ್ನು ಉಳಿಸಿದೆ. ಕತೆಯ ಕೊನೆಯಲ್ಲಿ ಆ ಅತ್ತಿಗೆ ತೀರಿಹೋದ ಸುದ್ದಿ ಕೇಳಿ ನೆಂಟ ಅನ್ನುವುದು. ಒಂದೇ ಮಾತು, ಮುಂದೆ ಆಶ್ಚರ್ಯಸೂಚಕವೂ ಇಲ್ಲ. ‘ಓ’ ಎಂದರೆ ಬಸ್ಸು ತಡ ಎಂಬ ಸುದ್ದಿ ಕೇಳಿದಂತೆ. ‘ಓ ಗಾಡ್’ ಎಂದರೆ ಅಲ್ಲಿಲ್ಲದ ದೇವರು ಬಂದು ನಿಲ್ಲುತ್ತಾನೆ. ನಮ್ಮಮ್ಮ ಹೋದ ದಿನ ಬಂದವರಲ್ಲಿ ಬಹಳ ಮಂದಿ ಬಾಗಿಲಲ್ಲಿ ಅಂದದ್ದು ಅದೊಂದೇ, ಮುಂದಿನ ಮಾತು ಯಾರಿಗೂ ಬೇಕಿರಲಿಲ್ಲ. ಊಟದ ಅಂಗಳದಲ್ಲಿ ಅಷ್ಟು ಅಯ್ಯೋಗಳನ್ನು ಕಿತ್ತದ್ದು ಇದೊಂದನ್ನು ಇಲ್ಲಿ ಖರ್ಚು ಮಾಡುವುದಕ್ಕೇ.

ಕರಡು ದೆಹಲಿಗೆ ಹೋಯಿತು, ತಿದ್ದಿಕೊಂಡು ಬಂತು. ಅಂಗಳದ ಸಂಭಾಷಣೆ ‘ತುಂಬಾ ಇಂಗ್ಲಿಷ್’ ಅನ್ನಿಸಿತಂತೆ, ಸ್ವಲ್ಪ ‘ಭಾರತೀಯ ಸೊಗಡು’ ಸೇರಿಸಿದ್ದರು. ಪ್ರತಿ ಸಾಲಿಗೂ ಒಂದು ಅರೇ. ತೀರ್ಥಹಳ್ಳಿಯಿಂದಾಚೆ ಹೋಗದ ಹೆಂಗಸಿಗೆ ನೆಂಟ “ಅರೇ ಭಾಭೀ” ಎನ್ನುತ್ತಿದ್ದ! ದೆಹಲಿಯಲ್ಲಿ ಭಾರತ ಎಂದರೆ ಅರೇ, ಅದರಾಚೆ ಬರೀ ಸಮುದ್ರ. ಸಿಟ್ಟಿನಲ್ಲಿ ನಾಲ್ಕು ಪುಟದ ಪತ್ರ ಬರೆದೆ: ಮಲೆನಾಡು ಎಲ್ಲಿದೆ, ಅತ್ತಿಗೆ ಎಂದರೆ ಯಾರು, ಎರಡು ಸಲ ‘ನೋ’ ಅನ್ನುವುದರ ಮರ್ಯಾದೆ ಏನು, ಪೂರ್ಣವಿರಾಮದ ವ್ಯಂಗ್ಯ ಎಂಥದ್ದು, ಎಲ್ಲ. ಮರುದಿನ ಸಂಪಾದಕರಿಂದ ಒಂದೇ ಪದದ ಉತ್ತರ ಬಂತು: “ಓಹೋ.”

ಇದು ಯಾವ ಓಹೋ ಎಂದು ಕೇಳಿ ಇನ್ನೊಂದು ಪತ್ರ ಬರೆದಿದ್ದೇನೆ.