‘ಬೆಸ್ಟ್ ದಾರಿ ಯಾವುದು?’: ಬಳಕೆದಾರರ ಕೈಪಿಡಿ

ಈ ಕೈಪಿಡಿಯಂತೆ ನಡೆದುಕೊಂಡರೆ, ತಲಘಟ್ಟಪುರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ದಾರಿ ಚೆನ್ನಾಗಿ ಬಲ್ಲವರನ್ನೇ ಕೇಳಿಯೂ ದಾರಿ ತಿಳಿಯದೆ ಮನೆಗೆ ಮರಳಬಹುದು.

ಬೇಕಾಗುವ ಸಾಮಗ್ರಿ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹೊಸದಾಗಿ ಸಿಕ್ಕ ಒಂದು ಕೆಲಸ. ‘ಬೆಸ್ಟ್’ ಎಂಬ ಒಂದು ಮಾತು. ಎಷ್ಟು ಗಂಟೆಗೆ ತಲುಪಬೇಕು, ತಿಂಗಳಿಗೆ ಎಷ್ಟು ಖರ್ಚು ಮಾಡಬಲ್ಲಿರಿ ಎಂಬ ವಿವರಗಳು ಬೇಕಿಲ್ಲ. ಅವು ನಿಮ್ಮಲ್ಲಿದ್ದರೆ ಯಾರಿಗೂ ತೋರಿಸಬೇಡಿ.

ಹಂತ 1: ನಾಲ್ವರನ್ನು ಕೇಳಿ

ಬೆಳಿಗ್ಗೆ ಕನಕಪುರ ರಸ್ತೆಯ ಯಾವುದಾದರೂ ದರ್ಶಿನಿ ಮುಂದೆ ಕಾಫಿ ಹಿಡಿದು ನಿಲ್ಲಿ. ‘ಸಾರ್, ಎಲೆಕ್ಟ್ರಾನಿಕ್ ಸಿಟಿಗೆ ಹೋಗೋಕೆ ಬೆಸ್ಟ್ ದಾರಿ ಯಾವುದು?’ ಎಂದಷ್ಟೇ ಕೇಳಿ, ಸುಮ್ಮನಾಗಿ.

ಬೈಕಿನ ಹುಡುಗ ಹೇಳುತ್ತಾನೆ: ‘ನೈಸ್ ರೋಡ್ ಹತ್ತಿ ಗುರು, ಸಿಗ್ನಲ್ಲೇ ಇಲ್ಲ.’ ನಿವೃತ್ತ ಮೇಷ್ಟ್ರು ಹೇಳುತ್ತಾರೆ: ‘ಮೆಟ್ರೊ ಇರುವಾಗ ಅದೆಲ್ಲ ಯಾಕಪ್ಪ? ಇಲ್ಲಿ ಹಸಿರು ಮಾರ್ಗ ಹತ್ತು, ಏಳನೇ ಸ್ಟೇಷನ್ ಆರ್.ವಿ. ರೋಡ್. ಅಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿದರೆ ಹನ್ನೊಂದನೆಯದು ಎಲೆಕ್ಟ್ರಾನಿಕ್ ಸಿಟಿ.’ ಪಕ್ಕದ ಅಪಾರ್ಟ್‌ಮೆಂಟಿನ ಮೇಡಂಗೆ ಕ್ಯಾಬ್ ಬಿಟ್ಟು ಬೇರೆ ದಾರಿಯೇ ಇಲ್ಲ. ಲ್ಯಾಪ್‌ಟಾಪ್ ತೆರೆದು ಕೂತುಬಿಡಬಹುದಂತೆ. ಅವರ ಮನೆಗೆಲಸದ ಅಕ್ಕ ಹೇಳುವುದು ಬಸ್ಸು: ‘ಬನಶಂಕರೀಲಿ ಇಳಿದು ಬೇರೆ ಬಸ್ಸು ಹಿಡೀರಿ. ನಮಗಂತೂ ಟಿಕೆಟ್ಟೇ ಇಲ್ಲ.’

ನಾಲ್ಕೂ ಸರಿಯಾದ ಉತ್ತರಗಳೇ. ಹುಡುಗ ಹೇಳಿದ್ದು ಬೇಗ ತಲುಪುವ ದಾರಿ, ಮೇಷ್ಟ್ರದು ಇಂಥ ಹೊತ್ತಿಗೆ ತಲುಪುತ್ತೇನೆ ಎಂದು ನಂಬಬಹುದಾದ ದಾರಿ, ಮೇಡಂದು ಆರಾಮದ ದಾರಿ. ಅಕ್ಕ ಹೇಳಿದ್ದು ದುಡ್ಡಿಲ್ಲದ ದಾರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಅವರಿಗೆ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ. ನಿಮಗೇನು ಬೇಕೆಂದು ನೀವು ಹೇಳಲಿಲ್ಲವಾದ್ದರಿಂದ ಪ್ರತಿಯೊಬ್ಬರೂ ತಮಗೆ ಬೇಕಾದದ್ದನ್ನು ಅಲ್ಲಿ ತುಂಬಿಕೊಂಡರು. ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಇದೇ ಗುರುತು.

ಹಂತ 2: ಗೆದ್ದವರನ್ನು ಘೋಷಿಸಿ

ಈಗ ನಾಲ್ವರಲ್ಲಿ ಯಾರು ಸರಿ ಎಂದು ವಾದ ಎಬ್ಬಿಸಿ. ಆದರೆ ಒಂದು ಅಪಾಯವಿದೆ. ಐದನೆಯವರು ಬಂದು ‘ಮೆಟ್ರೊದಲ್ಲಿ ಮೆಜೆಸ್ಟಿಕ್‌ಗೆ ಹೋಗಿ, ಅಲ್ಲಿಂದ ಆಟೊ ಹಿಡಿ’ ಎಂದರೆ ವಾದ ಅಲ್ಲೇ ಮುಗಿಯುತ್ತದೆ. ಆರ್.ವಿ. ರೋಡಿನಲ್ಲಿ ಬದಲಾಯಿಸುವುದಕ್ಕಿಂತ ಅದಕ್ಕೆ ಹೊತ್ತೂ ಹೆಚ್ಚು, ದುಡ್ಡೂ ಹೆಚ್ಚು, ಸುಸ್ತೂ ಹೆಚ್ಚು. ಯಾರಿಗೆ ಏನು ಬೇಕೆಂದು ಕೇಳದೆಯೇ ಅದನ್ನು ಹೊಡೆದುಹಾಕಬಹುದು. ‘ಬೆಸ್ಟ್’ ಎಂದರೇನೆಂದು ಹೇಳದೆ ತಲುಪಬಹುದಾದದ್ದು ಇಲ್ಲಿಯವರೆಗೆ ಮಾತ್ರ. ಎಲ್ಲ ಲೆಕ್ಕದಲ್ಲೂ ಸೋಲುವುದನ್ನು ತೆಗೆದಮೇಲೆ ಉಳಿದ ನಾಲ್ಕರಲ್ಲಿ ಪ್ರತಿಯೊಂದೂ ಯಾವುದೋ ಒಂದು ವಿಷಯದಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಅವುಗಳ ನಡುವೆ ಬರೀ ಬುದ್ಧಿವಂತಿಕೆಯಿಂದ ಆರಿಸಲು ಆಗುವುದಿಲ್ಲ. ಆದ್ದರಿಂದ ವಾದ ಮುಂದುವರಿಸಿ.

ಹಂತ 3: ಸರಾಸರಿಯನ್ನು ನಂಬಿ

ಯಾರಾದರೂ ‘ಕ್ಯಾಬ್‌ನಲ್ಲಿ ಮುಕ್ಕಾಲು ಗಂಟೆ’ ಎಂದರೆ, ಎಂಥ ದಿನ ಎಂದು ಕೇಳಬೇಡಿ. ಕೇಳಿದರೆ ಏನಾಗುತ್ತದೆ ನೋಡಿ. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ: ಮನೆಯಿಂದ ಆಫೀಸಿಗೆ ಕ್ಯಾಬ್ ಒಳ್ಳೆಯ ದಿನ 45 ನಿಮಿಷ, ಕೆಟ್ಟ ದಿನ 80. ಮೆಟ್ರೊ ಒಳ್ಳೆಯ ದಿನ 75, ಕೆಟ್ಟ ದಿನ 85. ಒಳ್ಳೆಯ ದಿನ ಕ್ಯಾಬ್ ಅರ್ಧ ಗಂಟೆ ಉಳಿಸುತ್ತದೆ. ಆದರೆ ಒಂಬತ್ತಕ್ಕೆ ಕಾರ್ಡ್ ಪಂಚ್ ಮಾಡಲೇಬೇಕಾದವನು ಕೆಟ್ಟ ದಿನವನ್ನು ಲೆಕ್ಕಹಾಕಿ ಮನೆ ಬಿಡಬೇಕು. ಆಗ ಕ್ಯಾಬಿನವನು 7.40ಕ್ಕೆ ಹೊರಡಬೇಕು, ಮೆಟ್ರೊದವನು 7.35ಕ್ಕೆ. ಅರ್ಧ ಗಂಟೆಯ ಉಳಿತಾಯ ಐದು ನಿಮಿಷಕ್ಕೆ ಬಂತು. ಮಿಕ್ಕದ್ದು ಒಳ್ಳೆಯ ದಿನಗಳಲ್ಲಿ ಆಫೀಸಿನ ಕ್ಯಾಂಟೀನಿನಲ್ಲಿ ಕಳೆಯುತ್ತದೆ.

ಕ್ಯಾಬಿಗೆ 600 ರೂಪಾಯಿ, ಮೆಟ್ರೊಗೆ 80 ಎಂದಿಟ್ಟುಕೊಂಡರೆ ಆ ಐದು ನಿಮಿಷದ ನಿದ್ದೆಗೆ ತೆತ್ತದ್ದು 520 ರೂಪಾಯಿ. ಯಾವಾಗ ತಲುಪಿದರೂ ನಡೆಯುವ ಕೆಲಸದವನಿಗಾದರೆ ಅದೇ 520ಕ್ಕೆ ಬಹುತೇಕ ದಿನ ಅರ್ಧ ಗಂಟೆ ನಿಜವಾಗಿ ಸಿಗುತ್ತದೆ. ದಾರಿ ಅದೇ, ದರ ಅದೇ. ಬೇರೆಯಾಗಿರುವುದು ಕೇಳುವವನು ಯಾವುದನ್ನು ತಪ್ಪಿಸಿಕೊಳ್ಳಬೇಕು ಎನ್ನುವುದೊಂದೇ. ಇಂಥ ಲೆಕ್ಕದಿಂದ ದೂರವಿರಿ.

ಹಂತ 4: ಎಲ್ಲವನ್ನೂ ಒಟ್ಟಿಗೆ ಬೇಡಿ

ಯಾರಾದರೂ ಪಟ್ಟು ಹಿಡಿದು ‘ನಿಮಗೇನು ಮುಖ್ಯ?’ ಎಂದರೆ, ‘ಬೇಗನೂ ಇರಬೇಕು, ಅಗ್ಗನೂ ಇರಬೇಕು, ಸುಸ್ತೂ ಆಗಬಾರದು’ ಎನ್ನಿ. ಇದು ಏನನ್ನೂ ಹೇಳದಿದ್ದಷ್ಟೇ ಪರಿಣಾಮಕಾರಿ. ಮೂರನ್ನೂ ಒಟ್ಟಿಗೆ ಗರಿಷ್ಠ ಮಾಡುವ ದಾರಿಯನ್ನು ಯಾವ ಸರ್ಕಾರವೂ ಇನ್ನೂ ಕಟ್ಟಿಲ್ಲ.

ವಾರಂಟಿ ರದ್ದಾಗುವ ಸಂದರ್ಭ

ಕೆಳಗಿನ ವಾಕ್ಯವನ್ನು ಬಾಯಿಬಿಟ್ಟು ಹೇಳಿದರೆ ವಾರಂಟಿ ಕೂಡಲೇ ರದ್ದಾಗುತ್ತದೆ:

‘ಸಾರ್, ಒಂಬತ್ತಕ್ಕೆ ತಪ್ಪದೆ ಅಲ್ಲಿರಬೇಕು, ತಿಂಗಳಿಗೆ ನಾಲ್ಕು ಸಾವಿರ ದಾಟಬಾರದು. ಇಷ್ಟರೊಳಗೆ ಆದಷ್ಟು ತಡವಾಗಿ ಮನೆ ಬಿಡಬೇಕು ಅಂದ್ರೆ ಯಾವ ದಾರಿ?’

ಇದರಲ್ಲಿ ಎರಡು ಮಿತಿಗಳಿವೆ, ಒಂದೇ ಒಂದು ಗುರಿ ಇದೆ. ಮಿತಿಯ ಕೆಲಸ ಹೊರಹಾಕುವುದು, ಗುರಿಯ ಕೆಲಸ ಉಳಿದವನ್ನು ಸಾಲಾಗಿ ನಿಲ್ಲಿಸುವುದು. ತಿಂಗಳಿಗೆ 22 ದಿನವೆಂದರೆ ಒಂದು ಸಲದ ಪ್ರಯಾಣಕ್ಕೆ ಸುಮಾರು 90 ರೂಪಾಯಿ. ಕ್ಯಾಬ್ ಹೊರಬಿತ್ತು. ಬಸ್ಸು ಮಿತಿಯೊಳಗಿದೆ, ಆದರೆ ಕೆಟ್ಟ ದಿನ ಎರಡೂವರೆ ಗಂಟೆ ಹಿಡಿದರೆ ಆರೂವರೆಗೇ ಹೊರಡಬೇಕು. ಮೆಟ್ರೊಗೆ 7.35. ಪೆಟ್ರೋಲು, ಟೋಲು ಸೇರಿ 90ರೊಳಗೆ ಮುಗಿದು, ಕೆಟ್ಟ ದಿನವೂ ಒಂದು ಗಂಟೆಯೊಳಗೆ ತಲುಪುವುದಾದರೆ ಬೈಕಿನವನು ಎಂಟಕ್ಕೆ ಹೊರಟರೆ ಸಾಕು. ಬೈಕ್ ಗೆದ್ದಿತು, ವಾದ ಮುಗಿಯಿತು.

ಇನ್ನು ಒಂದೇ ಒಂದು ಮಿತಿ ಸೇರಿಸಿ: ಕೆಲಸ ಬಿಡುವುದು ರಾತ್ರಿ ಹತ್ತರ ಮೇಲೆ. 2022ರಲ್ಲಿ ನೈಸ್ ರಸ್ತೆಯಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ದ್ವಿಚಕ್ರ ವಾಹನಗಳ ಓಡಾಟ ನಿಷೇಧಿಸಿದರು. ಆ ನಿಯಮವಿರುವ ತನಕ, ಬೆಳಿಗ್ಗೆ ಗೆದ್ದ ಬೈಕು ರಾತ್ರಿ ಊರೊಳಗಿನ ದಾರಿ ಹಿಡಿಯಬೇಕು. ಮೆಟ್ರೊ ಮುಂದೆ ಬರುತ್ತದೆ, ಆದರೆ ಕೊನೆಯ ರೈಲು ಸಿಗುವಂತಿದ್ದರೆ ಮಾತ್ರ.

ಬಳಕೆಯ ಅವಧಿ

ದಿನಾಂಕವಿಲ್ಲದ ಉತ್ತರಗಳನ್ನೇ ಆರಿಸಿಕೊಳ್ಳಿ. 2017ರಲ್ಲಿ ಹಸಿರು ಮಾರ್ಗ ಯಲಚೇನಹಳ್ಳಿಯಲ್ಲೇ ನಿಲ್ಲುತ್ತಿತ್ತು. ತಲಘಟ್ಟಪುರಕ್ಕೆ ರೈಲು ಬಂದದ್ದು 2021ರ ಜನವರಿಯಲ್ಲಿ, ಹಳದಿ ಮಾರ್ಗ ತೆರೆದದ್ದು 2025ರ ಆಗಸ್ಟ್‌ನಲ್ಲಿ. ಆ ಮಾರ್ಗದಲ್ಲಿ ಮೊದಮೊದಲು ಸುಮಾರು 25 ನಿಮಿಷಕ್ಕೊಂದು ರೈಲು. ಆಗ ಕಾಯುವ ಹೊತ್ತೇ ಲೆಕ್ಕವನ್ನು ಕೆಡಿಸುತ್ತಿತ್ತು. ಹಳೆಯ ಉತ್ತರ ಕೊಟ್ಟವರು ಸುಳ್ಳು ಹೇಳಿದವರಲ್ಲ, ಆದರೆ ನಿಮ್ಮನ್ನು ದಾರಿ ತಪ್ಪಿಸಲು ಅವರಷ್ಟು ಪ್ರಾಮಾಣಿಕರು ಸಿಗುವುದು ಕಷ್ಟ.

ಗ್ರಾಹಕ ಸೇವೆ

ಇಷ್ಟಾದರೂ ಕೆಲವೊಮ್ಮೆ ಯಂತ್ರ ಕೆಟ್ಟುಹೋಗುತ್ತದೆ. ಸ್ಟೇಷನ್ ಕೆಳಗಿನ ಆಟೊದವರನ್ನು ಕೇಳಿದರೆ ಉತ್ತರ ಕೊಡದೆ ‘ಎಷ್ಟೊತ್ತಿಗೆ ಅಲ್ಲಿರ್ಬೇಕು ಸಾರ್? ಲಗೇಜ್ ಇದೆಯಾ? ವಾಪಸ್ ಯಾವಾಗ?’ ಎಂದು ತಿರುಗಿ ಕೇಳಿಬಿಡುತ್ತಾರೆ. ಅಂಥವರಿಗೆ ಬಾಯಿಬಿಟ್ಟರೆ ಎರಡು ನಿಮಿಷದಲ್ಲಿ ದಾರಿ ಗೊತ್ತಾಗುವುದು ಖಂಡಿತ. ‘ಸುಮ್ನೆ ಕೇಳ್ದೆ’ ಎಂದು ಹೇಳಿ, ಹಂತ 1ಕ್ಕೆ ಹಿಂತಿರುಗಿ.