ಪಾಂಡುವಿನ ಅಭ್ಯಂಜನ

ಮಡಿಯನ್ನು ತಮ್ಮ ಮೈಗೂ ಮನೆಗೂ ಮಿತಗೊಳಿಸಿಕೊಂಡು ತೃಪ್ತರಾಗುವ ಮಡಿವಂತರು ಲೋಕಕ್ಕೆ ಅಷ್ಟಾಗಿ ಬಾಧಕರಲ್ಲ. ಬೇಡವೆಂದು ಬಾಯಿಬಿಟ್ಟು ಹೇಳಲಾರದ ಮೂಕಪ್ರಾಣಿಯ ಮೇಲೆ ಅದನ್ನು ಹೇರುವ ಮಹನೀಯರು ಮಾತ್ರ ತುಸು ವಿಚಾರಾರ್ಹರು. ಇಂಥವರು ಈಗ ಬಡಾವಣೆಗೊಬ್ಬರಂತೆ ದೊರೆಯುತ್ತಾರೆ. ಅವರ ನಾಯಿ ಕಣ್ಣಿಗೆ ಬೀಳುವುದಕ್ಕೆ ಮುಂಚೆಯೇ ಅದರ ಪರಿಮಳವು ಗೇಟಿನವರೆಗೆ ಬಂದು ನಿಮ್ಮನ್ನು ಎದುರುಗೊಳ್ಳುತ್ತದೆ. ನಾಯಿಯನ್ನು ಅವರು ‘ಅದು’ ಎನ್ನುವುದಿಲ್ಲ, ‘ಅವನು’ ಎನ್ನುತ್ತಾರೆ. ನೀವು ‘ಅದು’ ಎಂದರೆ ಕಾಫಿ ತಡವಾಗಿ ಬರುತ್ತದೆ.

ನಮ್ಮ ಬೀದಿಯಲ್ಲಿ ಈ ವರ್ಗದ ಪ್ರತಿನಿಧಿಗಳು ನಿವೃತ್ತರಾದ ಒಬ್ಬ ಮೇಷ್ಟರು. ಅವರ ನಾಯಿ ಲ್ಯಾಬ್ರಡಾರ್ ಜಾತಿಯದು, ಬೆಣ್ಣೆಯ ಬಣ್ಣದ್ದು, ಆದಕಾರಣ ಪಾಂಡು. ವ್ಯಾಕರಣವನ್ನು ಬೋಧಿಸಿದವರಾದ್ದರಿಂದ ಎಲ್ಲದಕ್ಕೂ ನಿಯಮವೊಂದನ್ನು ವಿಧಿಸಿಕೊಂಡಿರುವ ಅವರು ಪಾಂಡುವಿಗೂ ಬುಧವಾರ ಮತ್ತು ಶನಿವಾರಗಳೆಂದು ಸ್ನಾನದ ದಿನಗಳನ್ನು ಗೊತ್ತುಮಾಡಿದ್ದರು. ಬೇಸಿಗೆಯಲ್ಲಿ ಸೋಮವಾರವೂ ಸೇರುತ್ತಿತ್ತು. ಶನಿವಾರದ್ದು ಅಭ್ಯಂಜನ: ಕೊಬ್ಬರಿ ಎಣ್ಣೆ, ಹದವಾದ ಬಿಸಿನೀರು, ಆಮೇಲೆ ಅಮೆರಿಕದಲ್ಲಿರುವ ಮಗಳು ಬಂದಾಗಲೆಲ್ಲ ಬಿಟ್ಟುಹೋಗುವ ತಲೆಗೂದಲ ಶಾಂಪೂ. ನಾಯಿಯ ಹಿಂಭಾಗವನ್ನು ಹಿಡಿದುಕೊಳ್ಳುವ ಗೌರವವು, ನೆರೆಮನೆಯವನೆಂಬ ಒಂದೇ ಅರ್ಹತೆಯ ಮೇಲೆ, ನನ್ನ ಪಾಲಿಗೆ ಬಂದಿತ್ತು. ಪಾಂಡು ಮೈಯೊದರಿದಾಗ ಅವನ ಮೈಮೇಲಿನ ನೊರೆಯ ಅರ್ಧಭಾಗ ನನ್ನ ಮೇಲೂ, ಉಳಿದರ್ಧ ಒಣಹಾಕಿದ ನನ್ನ ಮನೆಯ ಬಟ್ಟೆಗಳ ಮೇಲೂ ಬೀಳುತ್ತಿತ್ತು. ಮೇಷ್ಟರು ಮಾತ್ರ ಯಾವ ಯೋಗಬಲದಿಂದಲೋ ಸದಾ ಒಣಗಿಯೇ ಇರುತ್ತಿದ್ದರು.

ಇಷ್ಟೆಲ್ಲ ಆದರೂ ಪಾಂಡು ನಾರುತ್ತಿದ್ದನು. ಮಿಂದ ದಿನ ಹೂವಿನ ವಾಸನೆ, ಮರುದಿನ ಹುಳಿಬೆರೆತ ಮುಗ್ಗಲು, ಮೂರನೆಯ ದಿನ ಅವನು ಬಂದನೆಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದಾಗಿತ್ತು. ನಾತ ಹೆಚ್ಚಿದಂತೆ ಮೇಷ್ಟರು ಶಾಂಪೂವನ್ನು ಹೆಚ್ಚಿಸಿದರು, ಶಾಂಪೂ ಹೆಚ್ಚಿದಂತೆ ನಾತವೂ ಹೆಚ್ಚಿತು. ಬೆನ್ನಿನ ಮೇಲೆ ಬಿಳಿಯ ಹೊಟ್ಟು ಕಾಣಿಸಿತು. ಕಂಕುಳೂ ತೊಡೆಸಂದೂ ಕೆಂಪಾದುವು. ಪಾಂಡು ರಾತ್ರಿಯೆಲ್ಲ ಪಾದಗಳನ್ನು ನೆಕ್ಕುತ್ತ, ಕತ್ತನ್ನು ಗೋಡೆಗೆ ಉಜ್ಜುತ್ತ, ಮೇಷ್ಟರಿಗೂ ಮಧ್ಯದಲ್ಲಿ ಒಂದೇ ಗೋಡೆಯುಳ್ಳ ನನಗೂ ನಿದ್ರೆಯಿಲ್ಲದಂತೆ ಮಾಡಿದನು. “ಕೊಳೆ ಇನ್ನೂ ಒಳಗಿದೆ,” ಎಂದು ಮೇಷ್ಟರು ತೀರ್ಮಾನಿಸಿ, ನೆಲ ಒರೆಸುವ ಕ್ರಿಮಿನಾಶಕದ ಕಡೆಗೆ ದೃಷ್ಟಿ ಹಾಯಿಸಿದ ದಿನ, ನಾನು ಬಲವಂತದಿಂದ ಅವರಿಬ್ಬರನ್ನೂ ಆಟೋದಲ್ಲಿ ಕೂರಿಸಿಕೊಂಡು ಪಶುವೈದ್ಯರಲ್ಲಿಗೆ ಹೊರಟೆನು.

ದೈವಯೋಗದಿಂದ ಅಲ್ಲಿದ್ದ ವೈದ್ಯೆ ಮೇಷ್ಟರ ಶಿಷ್ಯೆ. ಎದ್ದುನಿಂತು ನಮಸ್ಕರಿಸಿ, ಅನಂತರ ಗುರುವನ್ನೇ ಪರೀಕ್ಷೆಗೆ ಕೂರಿಸಿದಳು.

“ಸಾರ್, ವಾರಕ್ಕೆ ಎಷ್ಟು ಸಲ ಸ್ನಾನ?”

“ಎರಡು ಸಲವಮ್ಮ. ಬೇಸಿಗೆಯಲ್ಲಿ ಮೂರು.”

“ಯಾವ ಶಾಂಪೂ ಸಾರ್?”

“ಮನೆಯಲ್ಲಿ ಎಲ್ಲರೂ ಬಳಸುವುದೇ. ನಾನು ಭೇದಭಾವ ಮಾಡುವುದಿಲ್ಲ.”

ಅವಳು ನಗಲಿಲ್ಲ, ಪಾರದರ್ಶಕವಾದ ಅಂಟುಪಟ್ಟಿಯೊಂದನ್ನು ಪಾಂಡುವಿನ ಕಂಕುಳಿಗೆ ಒತ್ತಿ ತೆಗೆದು, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನಮ್ಮನ್ನು ಕರೆದಳು. ನಡುವೆ ಸೊಂಟ ಕಿರಿದಾದ ನೆಲಗಡಲೆ ಕಾಯಿಯ ಆಕಾರದ ನೀಲಿ ಕಣಗಳು ಅಲ್ಲಿ ಕಿಕ್ಕಿರಿದಿದ್ದುವು. ಮಲಸೀಜಿಯ ಎಂಬ ಯೀಸ್ಟ್ ಅದು. ಆರೋಗ್ಯವಂತ ನಾಯಿಯ ಮೈಮೇಲೂ ಅಲ್ಪಸಂಖ್ಯೆಯಲ್ಲಿ ವಾಸಿಸುವ ನಿರುಪದ್ರವಿ ಒಕ್ಕಲು. ಚರ್ಮದ ಕಾವಲು ಸಡಿಲಿ, ಮೈ ಜಿಡ್ಡಾಗಿ ತೇವವಾಗಿ ಉಳಿದಾಗ ಅದು ಸಾವಿರವಾಗುತ್ತದೆ. ಆ ಮುಗ್ಗಲು ನಾತ ಅದರದೇ.

ಕಾವಲು ಸಡಿಲಿದ ಬಗೆಯನ್ನು ಅವಳು ಹೀಗೆ ವಿವರಿಸಿದಳು. ನಮ್ಮ ಹೊರಚರ್ಮದಲ್ಲಿ ಹತ್ತು ಹದಿನೈದು ಸಾಲು ಜೀವಕೋಶಗಳಿದ್ದರೆ, ಕೂದಲನ್ನೇ ಕವಚವಾಗಿ ನಂಬಿದ ನಾಯಿಗೆ ಇರುವುದು ಮೂರರಿಂದ ಐದು ಸಾಲು ಮಾತ್ರ. ಆ ಕೋಶಗಳ ಸಂದುಗಳಲ್ಲಿ ತುಂಬಿಕೊಂಡಿರುವ ಮೇದಸ್ಸು ಒಳಗಿನ ನೀರು ಆರದಂತೆಯೂ ಹೊರಗಿನ ಸೂಕ್ಷ್ಮಜೀವಿಗಳು ನುಗ್ಗದಂತೆಯೂ ತಡೆಯುತ್ತದೆ. ಮನುಷ್ಯನ ತಲೆಯ ಜಿಡ್ಡನ್ನು ನಿವಾರಿಸಲೆಂದೇ ರಚಿತವಾದ ಶಾಂಪೂವಿನ ನೊರೆಕಾರಕ ಕ್ಷಾಲಕಗಳು ಈ ತೆಳುಪದರದ ಮೇದಸ್ಸನ್ನು ವಾರಕ್ಕೆರಡಾವರ್ತಿ ಕರಗಿಸಿ ಕೊಂಡೊಯ್ದರೆ, ಅದು ಮತ್ತೆ ಕೂಡಿಕೊಳ್ಳಲು ಅವಕಾಶವೆಲ್ಲಿ? ಚರ್ಮ ಒಣಗಿ ಹೊಟ್ಟೇಳುತ್ತದೆ, ತುರಿಸುತ್ತದೆ, ತುರಿಸಿದಲ್ಲಿ ಗಾಯವಾಗುತ್ತದೆ. ನಮ್ಮ ಚರ್ಮದ ಪಿಎಚ್ ಸುಮಾರು 5, ಆಮ್ಲೀಯ. ನಾಯಿಯದು ಸಾಮಾನ್ಯವಾಗಿ 6 ರಿಂದ 7.5 ರ ನಡುವೆ, ತಟಸ್ಥಕ್ಕೆ ಸಮೀಪ. ಆದರೆ ಈ ಸಂಖ್ಯೆಯನ್ನೇ ಸರ್ವಸ್ವವೆಂದು ಭಾವಿಸಬಾರದೆಂದು ಅವಳೇ ಎಚ್ಚರಿಸಿದಳು. ಅದು ಜಾತಿಯಿಂದ ಜಾತಿಗೆ, ಒಂದೇ ನಾಯಿಯ ಬೆನ್ನಿನಿಂದ ಹೊಟ್ಟೆಗೆ ವ್ಯತ್ಯಾಸವಾಗುವಂಥದು. ಸೀಸೆಯ ಮೇಲೆ ‘ಪಿಎಚ್ ಸಮತೋಲಿತ’ ಎಂದು ಮುದ್ರಿಸಿದ ಮಾತ್ರಕ್ಕೆ ಒಳಗಿರುವ ಕ್ಷಾಲಕ ಸೌಮ್ಯವೆಂದಾಗಲೀ, ಸುಗಂಧ ನಿರಪಾಯವೆಂದಾಗಲೀ ಸಿದ್ಧವಾಗುವುದಿಲ್ಲ.

ಸೀಗೆಕಾಯಿಯಾದರೆ ಆಗಬಹುದೆ ಎಂದು ಮೇಷ್ಟರು ನಡುವೆ ಬಾಯಿಹಾಕಿದರು. ಕಣ್ಣಿಗೆ ಬಿದ್ದರೆ ನಿಮಗಾಗುವ ಉರಿಯೇ ಅವನಿಗೂ ಆಗುತ್ತದೆ ಸಾರ್, ಅವನಿಗೆ ಕಣ್ಣು ಮುಚ್ಚಿಕೋ ಎಂದು ಹೇಳುವವರು ಯಾರು, ಎಂದಳು. ಕ್ರಿಮಿನಾಶಕದ ಪ್ರಸ್ತಾಪವನ್ನು ನಾನೇ ತಡೆದೆ.

ಚಿಕಿತ್ಸೆ ಕೇಳಿದಾಗ ಮಾತ್ರ ಮೇಷ್ಟರ ಮುಖ ಅರಳಿತು. ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ ಬೆರೆತ ಔಷಧದ ಶಾಂಪೂ; ಕೆಲವು ವಾರಗಳವರೆಗೆ, ವಾರಕ್ಕೆ ಎರಡು ಬಾರಿ. “ಹಾಗಾದರೆ ನನ್ನ ವೇಳಾಪಟ್ಟಿಯಲ್ಲಿ ತಪ್ಪೇನೂ ಇರಲಿಲ್ಲವಲ್ಲಮ್ಮ!” ಎಂದರು. ಔಷಧಕ್ಕಾಗಿ ಮೀಯುವುದು ಬೇರೆ, ಅಭ್ಯಾಸಕ್ಕಾಗಿ ಮೀಯುವುದು ಬೇರೆ ಎಂದು ಅವಳು ತಾಳ್ಮೆಯಿಂದ ಹೇಳಿದಳು. ಗುಣವಾದ ಮೇಲೆ ಪಾಂಡುವಿನಂಥ ನಾಯಿಗೆ ತಿಂಗಳಿಗೋ ಆರು ವಾರಕ್ಕೋ ಒಮ್ಮೆ ಸಾಕು, ಕೆಸರಿನಲ್ಲಿ ಹೊರಳಿದ ದಿನದ ಮಾತು ಬೇರೆ. ಎಣ್ಣೆಯಂತೂ ಖಂಡಿತ ಬೇಡ, ಆ ಯೀಸ್ಟಿಗೆ ಅದೇ ಆಹಾರ.

ಆ ಔಷಧಸ್ನಾನ ನೋಡತಕ್ಕದ್ದಾಗಿತ್ತು. ಮೊದಲು ಬ್ರಷ್ಷಿನಿಂದ ಉದುರುಗೂದಲನ್ನು ತೆಗೆಯುತ್ತಿದ್ದರು. ಲ್ಯಾಬ್ರಡಾರಿನದು ಎರಡು ಪದರದ ಕೂದಲು. ಮೇಲಿನದು ನೀರನ್ನು ಸುಲಭವಾಗಿ ಒಳಕ್ಕೆ ಬಿಡದು, ಒಳಗಿನದು ಒಮ್ಮೆ ನೆನೆದರೆ ಬೇಗ ಆರದು. ಆಮೇಲೆ ಉಗುರುಬೆಚ್ಚಗಿನ ನೀರು, ಆಮೇಲೆ ಔಷಧ. ಅದು ಮೈಮೇಲೆ ಹತ್ತು ನಿಮಿಷ ನಿಲ್ಲಬೇಕು, ಹಚ್ಚಿದೊಡನೆ ತೊಳೆದರೆ ವ್ಯರ್ಥ. ಆ ಹತ್ತು ನಿಮಿಷಗಳು ನನಗೆ ಅತ್ಯಂತ ದೀರ್ಘವಾದುವು; ಏಕೆಂದರೆ ನಾಯಿ ಅಲುಗಾಡದಿರಲೆಂದು ಮೇಷ್ಟರು ಅದಕ್ಕೆ ಸಂಧಿಪ್ರಕರಣವನ್ನು ಬೋಧಿಸುತ್ತಿದ್ದರು, ಲೋಪಾಗಮಾದೇಶಗಳು ಮುಗಿಯುವವರೆಗೆ ಹಿಂಭಾಗವನ್ನು ಹಿಡಿದವನಿಗೂ ಬಿಡುಗಡೆಯಿರಲಿಲ್ಲ. ಕೊನೆಗೆ ಹೊಟ್ಟೆ, ಕಂಕುಳು, ಬೆರಳಸಂದುಗಳಲ್ಲಿ ನೊರೆಯ ಸುಳಿವೂ ಉಳಿಯದಂತೆ ತೊಳೆದು, ಒಳಗೂದಲು ಒಣಗುವವರೆಗೆ ಟವೆಲಿನಿಂದ ಒತ್ತುತ್ತಿದ್ದರು.

ತುರಿಕೆ ನಿಂತಿತು, ನಾತ ಹೋಯಿತು, ರಾತ್ರಿಗಳು ನಿಶ್ಶಬ್ದವಾದುವು. ಔಷಧದ ಅವಧಿ ಮುಗಿದು ಸ್ನಾನ ತಿಂಗಳಿಗೊಂದಾದಾಗ ಬುಧವಾರ ಶನಿವಾರಗಳು ಬರಿದಾದುವೇನೋ, ಮೇಷ್ಟರು ಆ ಹೊತ್ತಿನಲ್ಲಿ ಬಕೆಟ್ಟಿನ ಬಳಿ ಸುಮ್ಮನೆ ಕುಳಿತಿರುವುದನ್ನು ಕಂಡು ನನಗೆ ಕರುಳು ಕಿವುಚಿದಂತಾಯಿತು. ಹೆಂಡತಿ ತೀರಿಕೊಂಡ ವರ್ಷ ಮಗಳು ತಂದುಕೊಟ್ಟ ಮರಿ ಅದು. ಆ ಮನೆಯಲ್ಲಿ ಗಳಿಗೆಗಳನ್ನು ತುಂಬುವ ಕೆಲಸ ಇನ್ನೇನಿತ್ತು? ಈಗ ಆ ಗಳಿಗೆಗಳನ್ನು ಬ್ರಷ್ಷಿಗೆ ಕೊಟ್ಟಿದ್ದಾರೆ. ಚರ್ಮದ ಸಹಜ ಸ್ನಿಗ್ಧತೆ ಅದರಿಂದ ಕೂದಲಿನ ತುದಿಯವರೆಗೆ ಹರಡುತ್ತದಂತೆ. ಪಾಂಡು ಕಣ್ಣರೆಮುಚ್ಚಿ ಮಲಗುತ್ತಾನೆ, ಪಾಠವೂ ನಡೆಯುತ್ತದೆ.

ಮೊನ್ನೆ ಅಮೆರಿಕದ ಶಾಂಪೂ ಸೀಸೆಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಮೇಷ್ಟರು ನನ್ನ ಬಾಗಿಲಿಗೆ ಬಂದರು.

“ಇವು ಅವನಿಗೆ ಆಗಿಬರುವುದಿಲ್ಲ, ಸೂಕ್ಷ್ಮ ಚರ್ಮ,” ಎಂದರು. “ನೀವು ಇಟ್ಟುಕೊಳ್ಳಿ. ನಿಮ್ಮದು ದಪ್ಪ.”