ಶೂಗೂ ಒಂದು ಕಾಲರ್

ನಮ್ಮ ಬಡಾವಣೆಯ ಕಾಂಕ್ರೀಟ್ ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಎರಡು ಪಕ್ಷಗಳಿವೆ. ಆಡುವಾಗ ಒಂದಾಗುತ್ತವೆ, ನೀರು ಕುಡಿಯಲು ಕೂತರೆ ಒಡೆದುಹೋಗುತ್ತವೆ. ಕಣಕಾಲು ಮುಚ್ಚುವ ಎತ್ತರದ ಶೂ ತೊಟ್ಟವರದು ಹೈ-ಟಾಪ್ ಪಕ್ಷ. ಕಣಕಾಲಿನ ಕೆಳಗೇ ಮುಗಿದುಹೋಗುವ ಶೂ ತೊಟ್ಟವರದು ಲೋ-ಟಾಪ್ ಪಕ್ಷ. ಮೊದಲ ಪಕ್ಷದ ನಾಯಕರು ಬ್ಯಾಂಕಿನ ಮ್ಯಾನೇಜರ್ ಸಾಹೇಬರು. ಅವರು ಲೇಸು ಕಟ್ಟಿ ಮುಗಿಸುವಷ್ಟರಲ್ಲಿ ಎದುರಾಳಿಗಳು ಎರಡು ಬಾಸ್ಕೆಟ್ ಹಾಕಿರುತ್ತಾರೆ. ಅಷ್ಟು ಕಟ್ಟಿಯೂ ಸೆಖೆ ಅಂತ ಮೇಲಿನ ಎರಡು ತೂತು ಹಾಗೇ ಬಿಟ್ಟಿರುತ್ತಾರೆ. ಬೇಲಿ ಹಾಕಿ ಗೇಟು ತೆಗೆದಿಟ್ಟ ಹಾಗೆ.

"ಕಣಕಾಲಿಗೆ ಸಪೋರ್ಟ್ ಬೇಕಲ್ಲಪ್ಪಾ" ಅನ್ನುವುದು ಅವರ ಪಲ್ಲವಿ. ಕೇಳೋಕೆ ನ್ಯಾಯವಾಗಿಯೇ ಇದೆ. ಕಾಲು ಉಳುಕುವುದು ಹೇಗೆ ಅಂತ ಸ್ವಲ್ಪ ನೋಡೋಣ. ರೀಬೌಂಡಿಗೆ ಹಾರಿದವನು ಇಳಿಯುವಾಗ ಇನ್ನೊಬ್ಬನ ಪಾದದ ಮೇಲೆ ಇಳಿಯುತ್ತಾನೆ. ಪಾದ ಒಳಗಡೆಗೆ ಮಗುಚುತ್ತದೆ, ಕಣಕಾಲಿನ ಹೊರಮಗ್ಗುಲಿನ ಅಸ್ಥಿರಜ್ಜು ಎಳೆದು ಹರಿಯುತ್ತದೆ. ಇಷ್ಟೂ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಮುಗಿದಿರುತ್ತದೆ. ಕಾಲಿನ ಸ್ನಾಯುವಿಗೆ ಸುದ್ದಿ ಮುಟ್ಟಿ ಅದು ಬಿಗಿಯುವ ಹೊತ್ತಿಗೆ ಕೆಲಸ ಕೆಟ್ಟಾಗಿದೆ. ಎಪ್ಪತ್ತು ಕೆಜಿ ದೇಹ ಆ ವೇಗದಲ್ಲಿ ಪಕ್ಕಕ್ಕೆ ವಾಲಿದಾಗ, ಬಟ್ಟೆಗೆ ಎರಡು ಬೆರಳು ದಪ್ಪದ ಸ್ಪಂಜು ತುಂಬಿ ಹೊಲಿದ ಕಾಲರ್ ಅದನ್ನು ತಡೆಯಬೇಕಂತೆ! ಕಾಲರ್ ಎತ್ತಿಕೊಂಡು ಓಡಾಡುವವರನ್ನೆಲ್ಲ ನಾವು ಬಲಶಾಲಿಗಳು ಅಂತ ಎಂದಾದರೂ ನಂಬಿದ್ದೇವಾ?

ಇದನ್ನು ಪರೀಕ್ಷೆಯೂ ಮಾಡಿದ್ದಾರೆ. 1993ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 622 ಕಾಲೇಜು ಆಟಗಾರರಿಗೆ ಚೀಟಿ ಎತ್ತಿದ ಹಾಗೆ ಮೂರು ಬಗೆಯ ಶೂ ಹಂಚಿದರು: ಹೈ-ಟಾಪ್, ಲೋ-ಟಾಪ್, ಗಾಳಿ ತುಂಬುವ ಚೀಲ ಇರುವ ಹೈ-ಟಾಪ್. ಸೀಸನ್ ಮುಗಿದಾಗ ಉಳುಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಒಟ್ಟು ಪೆಟ್ಟಾದದ್ದು 15 ಮಾತ್ರ, ಹಾಗಾಗಿ ಇದನ್ನು ಅಂತಿಮ ತೀರ್ಪು ಅನ್ನಲಾರೆ. ಆದರೆ ಕಾಲರ್ ಪಕ್ಷಕ್ಕೆ ಗೆಲುವು ಸಿಕ್ಕಿಲ್ಲ ಅನ್ನುವುದಂತೂ ನಿಜ.

ಇದನ್ನು ಕೇಳಿ ಲೋ-ಟಾಪ್ ಹುಡುಗರು ಕುಣಿದಾಡುವುದೂ ಬೇಡ. ಅವರ ಆರಾಧ್ಯದೈವ ಕೋಬಿ ಬ್ರಯಂಟ್. ಫುಟ್‌ಬಾಲ್ ಆಟಗಾರರು ಗಿಡ್ಡ ಬೂಟಿನಲ್ಲೇ ಅಷ್ಟು ತಿರುಗುತ್ತಾರಲ್ಲ, ನನಗೂ ಅಂಥದ್ದೇ ಮಾಡಿಕೊಡಿ ಅಂತ ನೈಕಿಯವರಿಗೆ ಹೇಳಿ 2008ರಲ್ಲಿ ಕೋಬಿ 4 ಮಾಡಿಸಿದ. ಅದೇ ಮನುಷ್ಯನ ಹೆಸರಲ್ಲಿ ಕೋಬಿ 9 ಬಂದಾಗ ಅದು ಬಾಕ್ಸಿಂಗ್ ಬೂಟಿನಷ್ಟು ಎತ್ತರ. ಲೋ-ಟಾಪ್ ಪಕ್ಷದವರು ಆ ಅಧ್ಯಾಯ ಬಂದಾಗ ಪುಟ ತಿರುವಿಬಿಡುತ್ತಾರೆ.

ಹಾಗಾದರೆ ಕಣಕಾಲನ್ನು ನೋಡಿಕೊಳ್ಳುವುದು ಯಾವುದು? ಶೂ ಒಳಗೆ ಪಾದ ಜಾರಬಾರದು, ಅಡಿ ಅಗಲವಾಗಿರಬೇಕು, ಪಾದ ನೆಲದಿಂದ ತೀರಾ ಎತ್ತರದಲ್ಲಿ ಕೂತಿರಬಾರದು. ಅಂಗಡಿಯಲ್ಲೇ ನೋಡಿ. ಆಟಕ್ಕೆ ಹಾಕುವ ದಪ್ಪ ಸಾಕ್ಸ್ ತೊಟ್ಟು, ಲೇಸು ಬಿಗಿದು, ಒಂದು ಕಾಲ ಮೇಲೆ ನಿಂತು ದೇಹವನ್ನು ಪಕ್ಕಕ್ಕೆ ತಳ್ಳಿ. ಪಾದ ಅಡಿಯ ಅಂಚು ದಾಟಿ ಹೊರಗೆ ಉಬ್ಬಿದರೆ ಆ ಶೂ ಬೇಡ. ತುದಿಗಾಲಲ್ಲಿ ನಿಂತಾಗ ಹಿಮ್ಮಡಿ ಎದ್ದು ಬಂದರೂ ಬೇಡ. ಕಿರುಬೆರಳಿನ ಪಕ್ಕದಲ್ಲಿ ಅಡಿಯ ರಬ್ಬರು ಸ್ವಲ್ಪ ಹೊರಚಾಚಿದ್ದರೆ ಒಳ್ಳೆಯದು, ಮಗುಚುವ ಮುಂಚೆ ಅದೇ ನೆಲಕ್ಕೆ ಊರುತ್ತದೆ.

ಇನ್ನು ಮೆತ್ತನೆಯ ವಿಚಾರ. ಜಿಮ್ಮಿನ ನೆಲ ಎಷ್ಟು ಪೆಟ್ಟು ಹೀರುತ್ತದೆ ಅಂತ ಅಳೆಯುವಾಗ ಕಾಂಕ್ರೀಟನ್ನೇ ಸೊನ್ನೆ ಅಂತ ಇಟ್ಟುಕೊಳ್ಳುತ್ತಾರೆ. ಯುರೋಪಿನ ನಿಯಮದ ಪ್ರಕಾರ ಒಳಾಂಗಣದ ನೆಲ ಕನಿಷ್ಠ ಶೇ. 25 ಹೀರಬೇಕು. ನಾವು ಆಡುವುದು ಆ ಸೊನ್ನೆಯ ಮೇಲೆ. ಅದಕ್ಕೇ ಸಾಹೇಬರು ಹಾಸಿಗೆಯಂಥ ಶೂ ಹುಡುಕುತ್ತಾರೆ.

ಒಂದು ಸಣ್ಣ ಲೆಕ್ಕ ಹಾಕೋಣ. 70 ಕೆಜಿಯ ಹುಡುಗ ಅರ್ಧ ಮೀಟರ್ ಹಾರಿ ಇಳಿಯುತ್ತಾನೆ. ಮಂಡಿ ಮಡಚದೆ ಕಂಬದಂತೆ ಇಳಿದು, ದೇಹ 10 ಸೆಂ.ಮೀ. ಒಳಗೆ ನಿಂತುಬಿಟ್ಟರೆ ನೆಲ ಅವನನ್ನು ಸರಾಸರಿ 420 ಕೆಜಿ ಭಾರದಷ್ಟು ಬಲದಿಂದ ತಳ್ಳುತ್ತದೆ. ಶೂ ಇನ್ನೊಂದು ಸೆಂ.ಮೀ. ಅದುಮಿದರೆ ಅದು 388ಕ್ಕೆ ಇಳಿಯುತ್ತದೆ. ಅದೇ ಹುಡುಗ ಮಂಡಿ, ಸೊಂಟ ಮಡಚಿ 40 ಸೆಂ.ಮೀ. ಕುಗ್ಗಿ ಇಳಿದರೆ ಸುಮಾರು 158. ಬಹುಪಾಲು ಪೆಟ್ಟು ಹೀರುವುದು ಮಂಡಿ, ಅದು ಪುಕ್ಕಟೆ ಬಂದದ್ದು. ಹಾಗಂತ ಶೂ ದಂಡ ಅಲ್ಲ. ಮಂಡಿ ಬಗ್ಗುವ ಮುಂಚೆ ಹಿಮ್ಮಡಿಗೆ ಬೀಳುವ ಮೊದಲ ಗುದ್ದನ್ನು ಮೊಂಡು ಮಾಡುವುದು ಅದರ ಕೆಲಸ. ಆದರೆ ಫೋಮ್ ಬಹಳ ಮೆತ್ತಗಿದ್ದರೆ ಒಂದು ಕಡೆ ಕುಸಿದು ಪಾದ ಅತ್ತಲೇ ವಾಲುತ್ತದೆ. 2001ರ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ಹಿಮ್ಮಡಿಯಲ್ಲಿ ಗಾಳಿಗೂಡು ಇದ್ದ ಶೂ ತೊಟ್ಟವರಿಗೆ ಕಣಕಾಲಿನ ಪೆಟ್ಟು ನಾಲ್ಕು ಪಟ್ಟಿಗೂ ಹೆಚ್ಚು ಕಂಡಿತು. ಕಾರಣ ಗಾಳಿಯೇ ಅಂತ ಅಷ್ಟರಿಂದಲೇ ಹೇಳಲಾಗದು. ಆದರೂ ಹಾಸಿಗೆ ಹುಡುಕುವವರು ಒಂದು ಗಳಿಗೆ ನಿಲ್ಲಬೇಕು.

ಕಾಂಕ್ರೀಟ್ ತಿನ್ನುವುದು ಫೋಮನ್ನಲ್ಲ, ಅಡಿಯ ರಬ್ಬರನ್ನು. ದುಬಾರಿ ಶೂಗಳ ರಬ್ಬರು ಮರದ ನೆಲಕ್ಕೆಂದು ಮೃದುವಾಗಿ, ತೆಳು ಗೆರೆಗಳಿಂದ ಮಾಡಿದ್ದು. ನಮ್ಮ ಕೋರ್ಟಿನ ಉಜ್ಜುಕಾಗದಂಥ ನೆಲಕ್ಕೆ ಅದು ಬಲಿ. ಮೊದಲು ಬೋಳಾಗುವುದು ಪಾದದ ಚೆಂಡಿನ ಭಾಗ, ಅದರಲ್ಲೂ ತಿರುಗುವಾಗ ಊರುವ ಕಾಲಿನದು. ಬೋಳಾದ ಮೇಲೆ ಧೂಳಿನಲ್ಲಿ ಜಾರುತ್ತದೆ, ಇನ್ನೂ ಸವೆದರೆ ಫೋಮ್ ಕಾಣುತ್ತದೆ. ಉಗುರಿನಿಂದ ಒತ್ತಿದರೆ ಸುಲಭವಾಗಿ ಗುಳಿ ಬೀಳದ, ಆಳವಾದ ಅಗಲ ಗೆರೆಯ ರಬ್ಬರು ನೋಡಿ. ಹೊರಾಂಗಣಕ್ಕೆಂದೇ ಗಟ್ಟಿ ರಬ್ಬರು ಹಾಕಿದ ಮಾದರಿಗಳೂ ಇವೆ, ನೈಕಿಯವರು ಅದಕ್ಕೆ ಎಕ್ಸ್‌ಡಿಆರ್ ಅನ್ನುತ್ತಾರೆ. ಅಂಗಡಿಯವನು ಶೂ ಮೇಲ್ಭಾಗವನ್ನೇ ತೋರಿಸುತ್ತಿದ್ದರೆ, ತಿರುವಿ ಹಾಕಿಸಿ.

ಪಕ್ಕದ ಮನೆ ಹುಡುಗನಿಗೆ ಹೋದ ವರ್ಷ ಬಲಗಾಲು ಉಳುಕಿತ್ತು. ಅವನ ಅಜ್ಜಿ ಅರಿಶಿನ ಸುಣ್ಣ ಹಚ್ಚಿ ವಾರ ಕೂರಿಸಿದ್ದರು, ನೋವು ಹೋಯಿತು, ಅವನೂ ಕೋರ್ಟಿಗೆ ಹೋದ. ನಿಜವಾದ ಅಪಾಯ ಇಲ್ಲೇ ಇದೆ. ಒಮ್ಮೆ ಉಳುಕಿದವರಿಗೆ ಮತ್ತೆ ಉಳುಕುವ ಸಂಭವ ಸುಮಾರು ಐದು ಪಟ್ಟು ಎಂದು ಅದೇ ಆಸ್ಟ್ರೇಲಿಯಾದ ಅಧ್ಯಯನ ಹೇಳಿತ್ತು. ಅಂಥವರಿಗೆ ಶೂ ಎತ್ತರಕ್ಕಿಂತ ಲೇಸು ಕಟ್ಟುವ ಕಣಕಾಲಿನ ಬ್ರೇಸ್ ಮೇಲು. ಅಮೆರಿಕದ 1,460 ಹೈಸ್ಕೂಲು ಆಟಗಾರರ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬ್ರೇಸ್ ತೊಟ್ಟವರ ಉಳುಕು ಮೂರನೇ ಒಂದಕ್ಕೆ ಇಳಿದಿತ್ತು. ಪೆಟ್ಟು ಬಿದ್ದವರಲ್ಲಿ ಪೆಟ್ಟಿನ ತೀವ್ರತೆ ಮಾತ್ರ ಕಡಿಮೆಯಾಗಿರಲಿಲ್ಲ. ಬಲಗಣಕಾಲಿಗೆ ಎರಡು ಶಸ್ತ್ರಚಿಕಿತ್ಸೆ ಆದ ಸ್ಟೆಫ್ ಕರಿ ಕೂಡ ಬ್ರೇಸ್ ತೊಟ್ಟೇ ಆಡುತ್ತಾನೆ. ಹುಡುಗನಿಗೆ ಹಳೆಯ ಮಾದರಿಯ ಗಟ್ಟಿ ರಬ್ಬರಿನ ಲೋ-ಟಾಪ್, ಒಂದು ಬ್ರೇಸ್ ಕೊಡಿಸಿ, ಉಳಿದ ದುಡ್ಡನ್ನು ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸಕ್ಕೆ ಅಂದೆ. "ಅದಕ್ಕೆ ದುಡ್ಡು ಬೇಡ ಅಂಕಲ್" ಅಂದ. ಬೇಡ ಅಂತ ಗೊತ್ತಿತ್ತು, ಉಳಿದದ್ದು ನನಗೆ ಬೇಕಿತ್ತು.

ಎಲ್ಲ ಕೇಳಿಸಿಕೊಂಡ ಮ್ಯಾನೇಜರ್ ಸಾಹೇಬರು ತಮ್ಮ ಶೂ ನೋಡಿಕೊಂಡು "ಹಾಗಾದ್ರೆ ಈ ಹೈ-ಟಾಪ್ ಏನ್ ಮಾಡ್ಲಿ?" ಅಂದರು.

"ಹಾಕ್ಕೊಳ್ಳಿ ಸಾರ್. ಮೇಲಿನ ಎರಡು ತೂತಿಗೂ ಲೇಸು ಪೋಣಿಸಿ, ಸೆಖೆ ಆಗತ್ತೆ, ಬೇಗ ಸುಸ್ತಾಗತ್ತೆ. ಕೂತ್ಕೊಂಡೋರಿಗೆ ಕಣಕಾಲು ಉಳುಕಲ್ಲ."